ಕೆಲಸ ಬಿಟ್ಟವರ ವಾಕ್ಯ

ಎಪ್ಪತ್ತೊಂದು ಪುಟಗಳ ಅಧ್ಯಾಯವನ್ನು ಇನ್ನೂರೈವತ್ತು ಪದಗಳಿಗೆ ಇಳಿಸಬೇಕು ಎಂದಾಗ ಪೂರ್ಣಿಮಾ ಮೊದಲು ಮಾಡಿದ ಕೆಲಸ, ಇನ್ನೂರೈವತ್ತು ಪದ ಅಂದರೆ ಎಷ್ಟು ಎಂದು ನೋಡಿದ್ದು. ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಪತ್ರಿಕೆಯೊಂದರಿಂದ ಎಣಿಸಿದಳು. ಅಂಗೈಯಗಲದ ಒಂದು ಸುದ್ದಿ. ಅದರಲ್ಲಿ ಒಂದು ಲಾರಿ ಪಲ್ಟಿಯಾಗಿ, ಚಾಲಕ ಆಸ್ಪತ್ರೆಗೆ ಸೇರಿ, ಪೊಲೀಸರು ಬಂದುಹೋಗುವಷ್ಟರಲ್ಲಿ ಇನ್ನೂರು ದಾಟಿತ್ತು.

"ನಾಕ್ ವರ್ಷ ಬರದದ್ದು ಇಷ್ಟರಾಗ ಹಿಡಸ್ತದೇನ?" ಗಂಡ ಪ್ರಸಾದ ಚಹಾ ಹೀರುತ್ತ ಕೇಳಿದ. "ಹಂಗಿದ್ರ ಮೊದಲ ಇಷ್ಟ ಬರದ ಕುಂತಿದ್ರ ಆಗ್ತಿತ್ತಲ್ಲ. ನನಗ ನಾಕ್ ವರ್ಷ ಬಿಸಿ ರೊಟ್ಟಿ ಸಿಗ್ತಿದ್ದವು."

ಪೂರ್ಣಿಮಾಗೆ ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ಅವಳು ಬೆಳಗಾವಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅನಗೋಳದ ಈ ಮನೆಯಿಂದ ಸ್ಕೂಟರಿನಲ್ಲಿ ಹೋಗಿಬರುತ್ತಾಳೆ. ಖಾನಾಪುರ ತಾಲ್ಲೂಕಿನ ಇಟ್ಟಂಗಿ ಭಟ್ಟಿಗಳಲ್ಲಿ ದುಡಿಯುವವರ ಉಸಿರಾಟದ ಬಗ್ಗೆ ಅವಳ ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮೊದಲು ಒಂದು ಲೇಖನ ಜರ್ನಲ್‌ನಲ್ಲಿ ಸ್ವೀಕಾರವಾಗಿರಬೇಕೆಂಬ ನಿಯಮವಿತ್ತು. ನೋಂದಣಿಯ ಅವಧಿಯನ್ನು ಒಮ್ಮೆ ವಿಸ್ತರಿಸಿದ್ದಾಗಿತ್ತು, ಇನ್ನೊಮ್ಮೆ ಕೊಡುವುದಿಲ್ಲವೆಂದು ಪತ್ರವೂ ಬಂದಿತ್ತು. ಜರ್ನಲ್ ವಿಶೇಷ ಸಂಚಿಕೆಯೊಂದನ್ನು ತರುತ್ತಿತ್ತು. ಲೇಖನ ಕಳಿಸಲು ಶುಕ್ರವಾರ ಸಂಜೆ ಐದು ಗಂಟೆ ಕೊನೆ. ಆ ಅಧ್ಯಾಯದಿಂದ ಮಾಡಿದ ಲೇಖನ ಸಿದ್ಧವಿತ್ತು. ಉಳಿದದ್ದು ಸಾರಾಂಶ.

ಆ ಸಾರಾಂಶಕ್ಕೂ ಒಂದು ಕಟ್ಟು ಇತ್ತು. ಹಿನ್ನೆಲೆ, ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ ಎಂದು ಐದು ತಲೆಬರಹ. ಅಧ್ಯಾಯದಲ್ಲಿ ಇಲ್ಲದ ಒಂದು ಅಂಕಿಯೂ ಬರಕೂಡದು. ಯಾರನ್ನು, ಎಲ್ಲಿ, ಹೇಗೆ ಅಳೆದದ್ದು ಎಂಬುದನ್ನು ಬಿಡಕೂಡದು. ಮುಖ್ಯ ಫಲಿತಾಂಶವನ್ನು ಅದರ ಅನಿಶ್ಚಿತತೆಯ ಮಿತಿಗಳ ಜೊತೆಗೇ ಹೇಳಬೇಕು. ತೀರ್ಮಾನವು ಫಲಿತಾಂಶಕ್ಕಿಂತ ಒಂದು ಹೆಜ್ಜೆಯೂ ಮುಂದೆ ಹೋಗಬಾರದು. ಮತ್ತು ಎಲ್ಲ ಸೇರಿ ಇಂಗ್ಲಿಷಿನಲ್ಲಿ ಇನ್ನೂರೈವತ್ತು ಪದ.

ಅವಳು ಅಧ್ಯಾಯದ ಒಂದೊಂದು ಭಾಗಕ್ಕೂ ಒಂದೊಂದು ಚೀಟಿ ಮಾಡಿ, ಚೀಟಿಗೆ ಒಂದೇ ವಾಕ್ಯವೆಂದು ಬರೆದಳು. ಮೊದಲ ಕರಡು ಆರುನೂರ ಹನ್ನೆರಡು ಪದವಾಯಿತು. ಪೀಠಿಕೆಯ ಮಾತುಗಳು ಹೋದವು. 'ಈ ಅಧ್ಯಯನದ ಉದ್ದೇಶವೇನೆಂದರೆ' ಎಂಬುದು ಹೋಗಿ ಬರೀ ಉದ್ದೇಶ ಉಳಿಯಿತು. ಖಾನಾಪುರದ ಕೆಂಪು ಮಣ್ಣಿನ ವರ್ಣನೆ ಹೋಯಿತು. ಹೊಗೆ ಯಾವ ದಿಕ್ಕಿಗೆ ಹೋಗುತ್ತದೆ, ಹೆಂಗಸರು ಬೂದಿ ತೆಗೆಯುವಾಗ ಸೆರಗನ್ನು ಹೇಗೆ ಮೂಗಿಗೆ ಕಟ್ಟುತ್ತಾರೆ ಎಂಬ ಆರು ಪುಟಗಳು ಒಂದು ಪದವೂ ಆಗದೆ ಹೋದವು. ನಾನೂರ ಹತ್ತು. ಮುನ್ನೂರು. ಇನ್ನೂರ ತೊಂಬತ್ತು. ಅಲ್ಲಿಂದ ಕೆಳಗಿಳಿಯುವುದು ಬಾವಿಯ ತಳದ ನೀರು ಸೇದಿದಂತಿತ್ತು.

ಕೊನೆಗೆ ಉಳಿದದ್ದು ಇಷ್ಟು. ಭಟ್ಟಿಯಲ್ಲಿ ದುಡಿಯುತ್ತಿರುವ ಇನ್ನೂರ ಹದಿನಾಲ್ಕು ಜನ; ಅದೇ ಊರುಗಳಲ್ಲಿ ಹೊಲದ ಕೆಲಸ ಮಾಡುವ ನೂರ ತೊಂಬತ್ತೆಂಟು ಜನ. ಎಲ್ಲರಿಂದ ಕೊಳವೆಗೆ ಜೋರಾಗಿ ಊದಿಸಿ, ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂದು ಅಳೆದದ್ದು. ವಯಸ್ಸು, ಎತ್ತರಕ್ಕೆ ತಕ್ಕಂತೆ ಇರಬೇಕಾದದ್ದರ ಶೇಕಡಾ ಲೆಕ್ಕದಲ್ಲಿ ಭಟ್ಟಿಯವರ ಸರಾಸರಿ ಎಂಬತ್ತಾರು ಚಿಲ್ಲರೆ, ಹೊಲದವರದು ಎಂಬತ್ತೆಂಟು ಚಿಲ್ಲರೆ. ಎರಡರ ನಡುವೆ ಖಚಿತವಾಗಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ಇಷ್ಟೇ ಇದ್ದಿದ್ದರೆ ಪೂರ್ಣಿಮಾಗೆ ನಿದ್ದೆ ಬರುತ್ತಿತ್ತು. ಆದರೆ ಅಧ್ಯಾಯದ ಕೊನೆಯ ಹತ್ತೊಂಬತ್ತು ಪುಟಗಳು ಬೇರೆ ಕಥೆ ಹೇಳುತ್ತಿದ್ದವು. ಅಳತೆಗೆ ಹೋದಾಗಲೆಲ್ಲ ಭಟ್ಟಿಯಲ್ಲಿ ಯಾರೂ ಕೆಮ್ಮುವುದು ಕೇಳದಿದ್ದುದು ಅವಳಿಗೆ ವಿಚಿತ್ರ ಅನ್ನಿಸಿತ್ತು. ಕೆಮ್ಮುವವರೆಲ್ಲಿ ಎಂದು ಹುಡುಕುತ್ತ ಮನೆಗಳಿಗೆ ಹೋದಳು. ಮೂರು ವರ್ಷದೊಳಗೆ ಭಟ್ಟಿ ಬಿಟ್ಟವರು ಮೂವತ್ತೊಂದು ಜನ ಸಿಕ್ಕರು. ಅವರಲ್ಲಿ ಇಪ್ಪತ್ತೇಳು ಜನ ಸರಿಯಾಗಿ ಊದಿದರು, ಸರಾಸರಿ ಅರವತ್ತೆಂಟು. ಉಸಿರು ಕೆಟ್ಟವರು ಕೆಲಸ ಬಿಟ್ಟು ಮನೆ ಸೇರುತ್ತಾರೆ, ಗಟ್ಟಿ ಇದ್ದವರು ಮಾತ್ರ ಉಳಿಯುತ್ತಾರೆ, ಉಳಿದವರನ್ನಷ್ಟೇ ಅಳೆದರೆ ಭಟ್ಟಿ ನಿರಪಾಯ ಎಂಬಂತೆ ಕಾಣುತ್ತದೆ. ಹತ್ತೊಂಬತ್ತು ಪುಟದ ಸಾರ ಅದು. ಅದನ್ನು ಅವಳು ಇಪ್ಪತ್ತೆಂಟು ಪದಗಳ ಒಂದು ವಾಕ್ಯ ಮಾಡಿ ಫಲಿತಾಂಶದ ಕೊನೆಗೆ ಇಟ್ಟಿದ್ದಳು.

ಆ ಒಂದು ವಾಕ್ಯಕ್ಕೆ ಕಾದವರಿದ್ದರು. ತಾಲ್ಲೂಕಿನ ಆರೋಗ್ಯ ಸಮಿತಿಯೊಂದು, ಭಟ್ಟಿಯ ಊರುಗಳಿಗೆ ವರ್ಷಕ್ಕೊಮ್ಮೆ ಉಸಿರು ತಪಾಸಣೆಯ ಗಾಡಿ ಕಳಿಸಬೇಕೋ ಬೇಡವೋ ಎಂದು ಚಳಿಗಾಲದ ಸಭೆಯಲ್ಲಿ ನಿರ್ಧರಿಸುವುದಿತ್ತು. ಸಮಿತಿಯ ಕಾರ್ಯದರ್ಶಿ ಪಾಂಡುರಂಗ ಸಾಹೇಬರು ಮೊದಲೇ ಹೇಳಿದ್ದರು: "ಪುಟಗಟ್ಟಲೆ ಬ್ಯಾಡ್ರಿ ಮೇಡಂ. ಛಾಪಾ ಆದ ಮ್ಯಾಲ ಸಾರಾಂಶ ಅಷ್ಟ ಕಳಸ್ರಿ. ನಮ್ಮ ಮಂದಿ ಅದಕ್ಕಿಂತ ಹೆಚ್ಚಿಗಿ ಓದಂಗಿಲ್ಲ, ಖರೇ ಹೇಳ್ತೇನಿ."

ಬುಧವಾರ ಅವಳು ಮಾರ್ಗದರ್ಶಕಿ ಡಾ. ಸುಹಾಸಿನಿ ಅವರ ಕೋಣೆಗೆ ಹೋದಳು. ಸುಹಾಸಿನಿ ಮೇಡಂ ಕನ್ನಡಕ ಹಣೆಗೇರಿಸಿ ಕರಡನ್ನು ಮುಖದ ಹತ್ತಿರ ಹಿಡಿದು ಓದುವವರು. ಓದುತ್ತಾ ಪೆನ್ಸಿಲಿನಿಂದ ಪದಗಳಿಗೆ ಚುಕ್ಕೆ ಇಡುವುದು ಅವರ ರೂಢಿ.

"ಚಲೋ ಆಗ್ಯದ. ಇಷ್ಟು ಚೊಕ್ಕ ನೀ ಮಾತಾಡಿದ್ರ ಎಷ್ಟ ಚಲೋ ಆಗ್ತಿತ್ತು," ಎಂದರು. ಆಮೇಲೆ ಪೆನ್ಸಿಲು ಆ ವಾಕ್ಯದ ಮೇಲೆ ನಿಂತಿತು. "ಇದು ಯಾಕ?"

"ಮೇಡಂ, ಅದಿಲ್ಲಂದ್ರ ಉಳಿದದ್ದು ತಪ್ಪು ತಿಳೀತದ್ರಿ."

"ತಪ್ಪು ತಿಳ್ಯೂದು ಓದಾವ್ರ ಹಣೇಬರಹ. ನಾವು ಮೊದಲ ಬರದಿಟ್ಟ ಪ್ರೋಟೋಕಾಲ್‌ನ್ಯಾಗ ಕೆಲಸ ಬಿಟ್ಟವ್ರು ಇದ್ರೇನು? ಇಲ್ಲ. ನೀ ಆಮ್ಯಾಲ ಹುಡುಕಿದ್ದು. ಹುಡುಕಿ ಸಿಕ್ಕವ್ರನ್ನ ಅಳದದ್ದು. ಸಿಗದವ್ರು ಎಷ್ಟ ಮಂದಿ, ಅವ್ರು ಹ್ಯಾಂಗಿದ್ರು, ನಿನಗ ಗೊತ್ತಿಲ್ಲ. ಜರ್ನಲ್‌ನ್ಯಾಗ ಮೊದಲ ನೋಡಾಂವ ಅದನ್ನ ಹಿಡದ ಕೇಳ್ತಾನ."

"ಬರೇ ಅನ್ವೇಷಣೆಗೆ ಮಾಡಿದ್ದು, ಪಕ್ಕಾ ಸಾಬೀತಲ್ಲ ಅಂತ ಬರದೇನಲ್ರಿ."

"ಬರದೀ, ಗೊತ್ತದ. ಅದಕ್ಕ ಇರ್ಲಿ ಅಂತೇನಿ. ಜಾಗಾ ಇದ್ರ ಇರ್ಲಿ. ಜಾಗಾ ಸಾಲಲಿಲ್ಲಂದ್ರ ಮೊದಲ ಹೋಗೂದು ಇದ. ತಿಳೀತಿಲ್ಲ?"

ಪೂರ್ಣಿಮಾ ತಲೆಯಾಡಿಸಿದಳು. ಮೇಡಂ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಅವಳನ್ನು ಕಾಡಿದ್ದು. ತಪ್ಪಿದ್ದರೆ ಜಗಳವಾಡಬಹುದಿತ್ತು.

ಶುಕ್ರವಾರ ಮಧ್ಯಾಹ್ನ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕುಳಿತಳು. ಅವಳ ಯಂತ್ರದ ಲೆಕ್ಕದಲ್ಲಿ ಸಾರಾಂಶ ಇನ್ನೂರ ನಲವತ್ತೊಂಬತ್ತು ಪದ. ಒಂದು ಪದ ಮಿಕ್ಕಿದೆ ಎಂಬ ಸಣ್ಣ ಹೆಮ್ಮೆಯೊಂದಿಗೆ ಅದನ್ನು ಜರ್ನಲ್‌ನ ಜಾಲತಾಣದ ಪೆಟ್ಟಿಗೆಗೆ ಅಂಟಿಸಿದಳು. ಪೆಟ್ಟಿಗೆಯ ಕೆಳಗೆ ಕೆಂಪು ಅಕ್ಷರದಲ್ಲಿ ಇನ್ನೂರ ಅರವತ್ನಾಲ್ಕು ಎಂದು ಬಂತು. ಮುಂದಿನ ಪುಟಕ್ಕೆ ಹೋಗುವ ಗುಂಡಿ ಬೂದುಬಣ್ಣಕ್ಕೆ ತಿರುಗಿ ಸುಮ್ಮನಾಯಿತು.

ತಲೆಬರಹಗಳನ್ನೂ ಅದು ಎಣಿಸುತ್ತಿತ್ತು. ಅಡ್ಡಗೆರೆ ಹಾಕಿ ಜೋಡಿಸಿದ ಪದಗಳನ್ನು ಬಿಡಿಸಿ ಎರಡೆಂದು ಲೆಕ್ಕ ಹಿಡಿಯುತ್ತಿತ್ತು. ಅವಳು ಅಡ್ಡಗೆರೆಗಳನ್ನು ಹುಡುಕಿ ಹುಡುಕಿ ತೆಗೆದಳು. ಇನ್ನೂರ ಐವತ್ತೆಂಟು. ಗಂಟೆ ನಾಲ್ಕಾಗಿತ್ತು. ಇನ್ನು ಎಂಟು ಪದ. ಎಂಟೇ ಎಂಟು. ಎಲ್ಲಿಂದ ತೆಗೆಯುವುದು? ಊರ ಹೆಸರು ತೆಗೆಯುವಂತಿಲ್ಲ. ಎಷ್ಟು ಜನ ಎಂಬುದನ್ನು ತೆಗೆಯುವಂತಿಲ್ಲ. ಹೊಲದವರನ್ನು ಹೇಗೆ ಆರಿಸಿದರೆಂಬುದು ಇರಲೇಬೇಕು. ಉಳಿದ ವಾಕ್ಯಗಳನ್ನು ಈಗಾಗಲೇ ಮೂಳೆ ಕಾಣುವಷ್ಟು ಕೆತ್ತಿದ್ದಳು.

ಮೇಡಂಗೆ ಫೋನ್ ಮಾಡಿದಳು. ಅವರು ಇನ್ನೊಬ್ಬ ವಿದ್ಯಾರ್ಥಿಯ ಮೌಖಿಕ ಪರೀಕ್ಷೆಗೆ ಹೊರಟಿದ್ದರು; ಮೆಟ್ಟಿಲು ಹತ್ತುವ ಏದುಸಿರು ಕೇಳುತ್ತಿತ್ತು.

"ಎಷ್ಟ ಹೆಚ್ಚಾಗ್ಯದ?"

"ಎಂಟ್ರಿ."

"ಮತ್ತ ಹೇಳಿದ್ನಲ್ಲ. ಆ ವಾಕ್ಯ ತಗಿ. ಲೇಖನದ ಒಳಗ ಹ್ಯಾಂಗೂ ಅದ. ನಾ ಒಳಗ ಹೊಂಟೆ, ಐದರ ತನಕಾ ಫೋನ್ ಎತ್ತಾಕ ಆಗಂಗಿಲ್ಲ. ಗಾಬರಿ ಆಗಬ್ಯಾಡ, ಕಳಿಸಿಬಿಡು."

ಪೂರ್ಣಿಮಾ ವಾಕ್ಯವನ್ನು ಬಣ್ಣ ಹಚ್ಚಿ ಆಯ್ದಳು. ಒಂದು ಕೀಲಿ ಒತ್ತಿದಳು. ಲೆಕ್ಕ ಇನ್ನೂರ ಮೂವತ್ತಕ್ಕಿಳಿದು ಹಸಿರಾಯಿತು.

ಮನಸ್ಸು ತಡೆಯದೆ ತೀರ್ಮಾನದಲ್ಲಿ 'ಸದ್ಯ ಕೆಲಸದಲ್ಲಿರುವ' ಎಂಬ ಅರ್ಥದ ಎರಡು ಪದ ಸೇರಿಸಿದಳು. ಸದ್ಯ ಕೆಲಸದಲ್ಲಿರುವ ಭಟ್ಟಿ ಕಾರ್ಮಿಕರಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಬಲ್ಲವರಿಗೆ ಅಷ್ಟು ಸಾಕು ಎಂದುಕೊಂಡಳು. ಇನ್ನೂರ ಮೂವತ್ತೆರಡು.

ಇನ್ನೂ ಹದಿನೆಂಟು ಪದಗಳ ಜಾಗ ಖಾಲಿ ಇತ್ತು.

ಅವಳು ಆ ಖಾಲಿ ಜಾಗವನ್ನೇ ನೋಡುತ್ತ ಕುಳಿತಳು. ಆಮೇಲೆ ಕಾಗದದ ಮೇಲೆ ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ನಾಲ್ಕೂ ನಲವತ್ತಕ್ಕೆ ಒಂದು ಹೊಸ ವಾಕ್ಯ ನಿಂತಿತು: ಕೆಲಸ ಬಿಟ್ಟ ಇಪ್ಪತ್ತೇಳು ಜನರ ಸರಾಸರಿ ಅರವತ್ತೆಂಟು, ಇದು ಅನ್ವೇಷಣೆಯ ಅಳತೆ, ದುಡಿಯುತ್ತಿರುವವರ ಅಂಕಿಗಳು ಹಾನಿಯನ್ನು ಕಡಿಮೆ ತೋರಿಸುತ್ತಿರಬಹುದು. ಇಂಗ್ಲಿಷಿನಲ್ಲಿ ಸರಿಯಾಗಿ ಹದಿನೆಂಟು ಪದ. ಪೆಟ್ಟಿಗೆಯಲ್ಲಿ ಹಾಕಿ ನೋಡಿದಳು. ಇನ್ನೂರ ಐವತ್ತು. ಹಸಿರು.

ಮೇಡಂಗೆ ಫೋನ್ ಮಾಡಿದಳು. ಎತ್ತಲಿಲ್ಲ. ಸಂದೇಶ ಕಳಿಸಿದಳು. ಓದಿದ ಗುರುತು ಬರಲಿಲ್ಲ. ಮುಂದಿನ ಪುಟದಲ್ಲಿ ಒಂದು ಚೌಕ ಕಾದಿತ್ತು: ಎಲ್ಲ ಲೇಖಕರೂ ಈ ಕೊನೆಯ ರೂಪವನ್ನು ಓದಿ ಒಪ್ಪಿದ್ದಾರೆ. ಆ ಚೌಕಕ್ಕೆ ಗುರುತು ಹಾಕದೆ ಮುಂದೆ ಹೋಗುವಂತಿಲ್ಲ. ಇನ್ನೊಬ್ಬ ಲೇಖಕಿಯಾದ ಮೇಡಂ ಒಪ್ಪಿದ್ದು ಆ ವಾಕ್ಯವಿಲ್ಲದ ರೂಪವನ್ನು. ಅವರ ಹೆಸರಿನ ಮೇಲೆ ಅವರು ನೋಡದ ಮಾತು ಹೋದರೆ? ನಾಳೆ ಅವರು ಕೋಣೆಗೆ ಕರೆದು, ಕನ್ನಡಕ ಹಣೆಗೇರಿಸಿ, ಪ್ರಬಂಧವನ್ನು ಬದಿಗಿಟ್ಟರೆ?

ನಾಲ್ಕೂ ಐವತ್ತೆರಡು. ಇನ್ನೊಮ್ಮೆ ಫೋನ್ ಮಾಡಿದಳು. ನಾಲ್ಕೂ ಐವತ್ತಾರಕ್ಕೆ ಆ ಹದಿನೆಂಟು ಪದಗಳನ್ನು ತಾನೇ ಅಳಿಸಿದಳು, ಚೌಕಕ್ಕೆ ಗುರುತು ಹಾಕಿದಳು, ಕಳಿಸಿದಳು.

ಐದೂವರೆಗೆ ಮೇಡಂ ಫೋನ್ ಬಂತು. "ಈಗ ನೋಡಿದೆ. ಈ ಸಣ್ಣ ವಾಕ್ಯ ಭಾಳ ಚಲೋ ಅದ. ಹಾಕಿದ್ಯೋ ಇಲ್ಲೋ?"

"ಇಲ್ರಿ. ನೀವು ನೋಡಿರಲಿಲ್ಲಲ್ರಿ."

"ಹುಚ್ಚಿ. ನಾ ಬ್ಯಾಡ ಅಂತಿದ್ನೇನು? ಹೋಗ್ಲಿ ಬಿಡು. ತಿದ್ದಾಕ ಕೊಟ್ರ ಆವಾಗ ಸೇರ್ಸೂಣು."

ತಿದ್ದಲು ಕೊಡಲಿಲ್ಲ. ಲೇಖನವನ್ನು ನೋಡಿದ ಇಬ್ಬರೂ ತಜ್ಞರು ಒಳಗಿನ ಎರಡು ಕೋಷ್ಟಕಗಳ ಬಗ್ಗೆ ಮಾತ್ರ ಕೇಳಿದರು, ಪತ್ರದಲ್ಲಿ ಉತ್ತರಿಸಿದರೆ ಸಾಕೆಂದರು. ಸಾರಾಂಶ ಸ್ಪಷ್ಟವಾಗಿದೆ, ಸಂಯಮದಿಂದಿದೆ ಎಂದು ಹೊಗಳಿದರು. ಕೊನೆಯ ಕರಡಿನ ಜೊತೆ ಬಂದ ಪತ್ರದಲ್ಲಿ ಅಚ್ಚಿನ ದೋಷಗಳನ್ನಷ್ಟೇ ತಿದ್ದಬಹುದು ಎಂದಿತ್ತು. ಪೂರ್ಣಿಮಾ ಆದರೂ ಬರೆದಳು. ಸಂಪಾದಕರ ಉತ್ತರ ಮರುದಿನವೇ ಬಂತು: ಸಾರಾಂಶದಲ್ಲಿ ತಪ್ಪು ಯಾವುದೆಂದು ತೋರಿಸಿದರೆ ಖಂಡಿತ ತಿದ್ದುತ್ತೇವೆ. ಅವಳು ಸಾರಾಂಶವನ್ನು ಮೇಲಿಂದ ಕೆಳಗೆ ನಾಲ್ಕು ಸಲ ಓದಿದಳು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಅವಳು ಪ್ರಬಂಧ ಒಪ್ಪಿಸಿದಳು. ಪ್ರಸಾದ ಸಿಹಿಯೆಂದು ಕುಂದಾ ತಂದ. ಅವಳು ಡಬ್ಬಿ ಮುಚ್ಚಿ ಕಪಾಟಿನಲ್ಲಿಟ್ಟಳು.

ಆರೋಗ್ಯ ಸಮಿತಿಯ ಡಿಸೆಂಬರಿನ ಸಭೆಗೆ ಅವಳಿಗೂ ಕರೆ ಬಂತು. ಪೂರ್ತಿ ಲೇಖನದ ಆರು ಪ್ರತಿ ಮಾಡಿಸಿ, ಕೆಲಸ ಬಿಟ್ಟವರ ಪರಿಚ್ಛೇದಕ್ಕೆ ಹಳದಿ ಬಣ್ಣ ಹಚ್ಚಿ, ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿದಳು. ರಸ್ತೆಯ ಎರಡೂ ಬಾಜು ಹೊಸ ಭಟ್ಟಿಗಳು ಏಳುತ್ತಿದ್ದವು. ದೀಪಾವಳಿ ಮುಗಿದು ಹಂಗಾಮು ಶುರುವಾಗಿತ್ತು.

ಸಭೆಯ ಕೋಣೆಯ ಹೊರಗೆ ಮರದ ಬಾಕಿನ ಮೇಲೆ ಬಸವಣ್ಣೆವ್ವ ಕುಳಿತಿದ್ದಳು. ಹನ್ನೊಂದು ವರ್ಷ ಇಟ್ಟಂಗಿ ಹೊತ್ತು ಬಿಟ್ಟವಳು. ವಯಸ್ಸು ಐವತ್ತರ ಒಳಗೇ, ನೋಡಿದರೆ ಅರವತ್ತೈದು. ಮೂವತ್ತೊಂದು ಜನರಲ್ಲಿ ಎಲ್ಲರಿಗಿಂತ ಉಸಿರು ಕೆಟ್ಟಿದ್ದವಳು ಅವಳೇ. ಎಂಟು ಸಲ ಊದಿದರೂ ಪ್ರತಿ ಸಲವೂ ನಡುವೆ ಕೆಮ್ಮು ಬಂದು ಅಳತೆ ನಿಲ್ಲಲಿಲ್ಲ. ನಿಯಮದಂತೆ ಮೂರು ಸಲವಾದರೂ ಸರಿಯಾಗಿ ಊದದವರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಾಗೆ ಆ ಇಪ್ಪತ್ತೇಳರಲ್ಲಿ ಅವಳಿರಲಿಲ್ಲ. ಇದನ್ನು ಪೂರ್ಣಿಮಾ ಅವಳಿಗೆ ಹೇಳಿರಲಿಲ್ಲ.

"ಬಾಯಾರ, ಬಂದ್ರಿ?" ಕಾಲೇಜಿನ ಟೀಚರಮ್ಮನನ್ನು ಕಂಡು ಬಸವಣ್ಣೆವ್ವ ಏಳಲು ನೋಡಿದಳು.

"ಕುಂದರ್ರಿ, ಕುಂದರ್ರಿ. ನೀವ್ಯಾಕ ಇಷ್ಟ ದೂರ ಬಂದ್ರಿ?"

"ಇವತ್ತ ಗಾಡಿ ಬರೂದು ಬಿಡೂದು ಹೇಳ್ತಾರಂತ. ನಮ್ಮ ಸೊಸಿ ಸಾತವ್ವ ಭಟ್ಟಿಗಿ ಹೊಂಟಾಳ್ರಿ. ಗಾಡಿ ಬಂದ್ರ ವರ್ಷಾ ಊದಸ್ತಾರ, ಕೆಡಾಕ ಹತ್ತಿದ್ರ ಮೊದಲ ತಿಳೀತೈತಿ, ಬಿಡಸೂಣು ಅಂತ. ನನಗ ತಿಳಿಯೂದ್ರಾಗ ಎಲ್ಲಾ ಮುಗದಿತ್ತು." ಅಷ್ಟು ಹೇಳಲು ಅವಳು ಮೂರು ಸಲ ನಿಂತಳು.

ಒಳಗೆ ಹನ್ನೆರಡು ವಿಷಯಗಳಿದ್ದವು. ಭಟ್ಟಿಯದು ಒಂಬತ್ತನೆಯದು. ಪಾಂಡುರಂಗ ಸಾಹೇಬರು ಪರದೆಯ ಮೇಲೆ ನಾಲ್ಕು ಸಾಲು ತೋರಿಸಿದರು. ಕಚೇರಿಯವರು ಸಾರಾಂಶವನ್ನು ಕನ್ನಡಕ್ಕೆ ಇಳಿಸಿ ಇನ್ನಷ್ಟು ಚಿಕ್ಕದು ಮಾಡಿದ್ದರು. 'ಸದ್ಯ ಕೆಲಸದಲ್ಲಿರುವ' ಎಂಬುದು ಅದರಲ್ಲಿ ಉಳಿದಿರಲಿಲ್ಲ. ಭಟ್ಟಿ ಕಾರ್ಮಿಕರ ಮತ್ತು ಕೃಷಿ ಕಾರ್ಮಿಕರ ಉಸಿರಾಟದಲ್ಲಿ ವ್ಯತ್ಯಾಸವಿಲ್ಲ.

ಪೂರ್ಣಿಮಾ ಎದ್ದು ನಿಂತಳು. "ಸಾಹೇಬ್ರ, ಅದು ಪೂರ್ತಿ ಅಲ್ರಿ. ಕೆಲಸ ಬಿಟ್ಟವ್ರನ್ನ ನೋಡಿದ್ರ—"

"ಮೇಡಂ, ಇದು ನಿಮ್ದ ಸಾರಾಂಶ ಅಲ್ರಿ?" ಪಾಂಡುರಂಗ ಸಾಹೇಬರು ಗೌರವದಿಂದಲೇ ಕೇಳಿದರು. "ನಾವೇನರ ಹೆಚ್ಚಿಗಿ ಸೇರಿಸೇವೇನ್ರಿ?"

"ಇಲ್ರಿ. ಆದ್ರ ಲೇಖನದಾಗ ಐದನೇ ಪುಟದಾಗ..." ಅವಳು ಹಳದಿ ಹಚ್ಚಿದ ಪ್ರತಿಗಳನ್ನು ಹಂಚಿದಳು. ಎರಡು ಜನ ಪುಟ ತಿರುವಿದರು. ಒಬ್ಬರು ಗಡಿಯಾರ ನೋಡಿದರು.

"ಇದು ಅಷ್ಟ ಮಹತ್ವದ್ದಿದ್ರ ಸಾರಾಂಶದಾಗ ಯಾಕ ಬರಲಿಲ್ರಿ?" ಎಂದು ಮೂಲೆಯಲ್ಲಿದ್ದ ವೈದ್ಯರೊಬ್ಬರು ಕೇಳಿದರು. ಕುಹಕವಿರಲಿಲ್ಲ ಅದರಲ್ಲಿ. ತಿಳಿಯಬೇಕೆಂದೇ ಕೇಳಿದ್ದರು.

ಪೂರ್ಣಿಮಾ ಬಾಯಿ ತೆರೆದಳು. ಪದದ ಮಿತಿ, ಕೆಂಪು ಅಂಕಿ, ಎತ್ತದ ಫೋನು, ಗುರುತು ಹಾಕುವ ಚೌಕ. ಖಾಲಿ ಉಳಿದ ಹದಿನೆಂಟು ಪದ. ಹೇಳಹೊರಟರೆ ಯಾವುದೂ ಕಾರಣವೆನ್ನಿಸಿಕೊಳ್ಳುವಂತಿರಲಿಲ್ಲ.

"ಹಿಡಸಲಿಲ್ರಿ," ಎಂದಳು.

ಪಾಂಡುರಂಗ ಸಾಹೇಬರು ಪಾಪ ಅವಳ ಮುಖ ನೋಡಿ ಮೆತ್ತಗಾದರು. "ಹಂಗಾರ ಮುಂದಿನ ಸಭಾಕ್ಕ ತಗೊಳ್ಳೂಣ್ರಿ. ಜೂನ್‌ದಾಗ." ಜೂನಿನಲ್ಲಿ ಮಳೆ ಹಿಡಿದು ಭಟ್ಟಿಗಳು ಆರಿರುತ್ತವೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಡಾವಳಿಯಲ್ಲಿ ಒಂದೇ ಸಾಲು ಬರೆಯಲಾಯಿತು: ತೊಂದರೆ ಕಂಡುಬಂದಿಲ್ಲವಾದ್ದರಿಂದ ತಪಾಸಣೆಯನ್ನು ಸದ್ಯಕ್ಕೆ ಕೈಬಿಡಲಾಗಿದೆ. ಹಾಜರಿದ್ದವರೆಲ್ಲ ಸಹಿ ಮಾಡಬೇಕಿತ್ತು. ಪುಸ್ತಕ ಅವಳ ಮುಂದೆ ಬಂದಾಗ ಪೂರ್ಣಿಮಾ ಸಹಿಯ ಪಕ್ಕದಲ್ಲಿ 'ಭಿನ್ನಾಭಿಪ್ರಾಯವಿದೆ' ಎಂದು ಬರೆದಳು. ಅದಕ್ಕಿಂತ ಹೆಚ್ಚು ಬರೆಯಲು ಆ ಅಂಕಣದಲ್ಲಿ ಜಾಗವಿರಲಿಲ್ಲ.

ಹೊರಗೆ ಬಂದಾಗ ಬಸವಣ್ಣೆವ್ವ ಎದ್ದು ನಿಂತಿದ್ದಳು. ಸಭೆ ಮುಗಿಸಿ ಹೊರಟವರಲ್ಲಿ ಯಾರೋ ಅವಳಿಗೆ ಆಗಲೇ ಹೇಳಿದ್ದರು.

"ಗಾಡಿ ಬರಂಗಿಲ್ಲಂತ. ಹೌದ್ರ್ಯಾ?"

"ಹೌದ್ರಿ."

"ಭಟ್ಟಿದಿಂದ ಉಸರಿಗಿ ಏನೂ ಆಗಂಗಿಲ್ಲ ಅಂತ ನಿಮ್ಮ ಬುಕ್ಕಿನಾಗ ಐತಂತಲ್ರಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಬೆರಗಿತ್ತು. "ಮತ್ತ ನನಗ ಆಗಿದ್ದು ಏನ್ರಿ ಬಾಯಾರ?"

ಪೂರ್ಣಿಮಾ ಅವಳನ್ನು ಮತ್ತೆ ಬಾಕಿನ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕುಳಿತಳು. ಮೊದಲಿನಿಂದ ಹೇಳತೊಡಗಿದಳು. ಯಾರನ್ನು ಅಳೆದದ್ದು, ಯಾರು ಸಿಗಲಿಲ್ಲ, ಯಾರು ಊದಲಾರದೆ ಲೆಕ್ಕದಿಂದ ಹೊರಗುಳಿದರು. ಬಸವಣ್ಣೆವ್ವನ ಅಳತೆ ಎಲ್ಲೂ ಇಲ್ಲವೆಂಬುದನ್ನೂ ಹೇಳಿದಳು. ಕಚೇರಿಯ ಊಟದ ಹೊತ್ತಾಗಿ ಪಡಸಾಲೆ ಖಾಲಿಯಾಯಿತು. ಬಸವಣ್ಣೆವ್ವ ನಡುನಡುವೆ ಕೆಮ್ಮುತ್ತ, ಕೈಸನ್ನೆಯಿಂದ ಮುಂದೆ ಹೇಳೆನ್ನುತ್ತ, ಎಲ್ಲವನ್ನೂ ಕೇಳಿದಳು.

"ಇಷ್ಟ ಐತೇನ್ರಿ," ಎಂದಳು ಕೊನೆಗೆ. "ಕೆಮ್ಮು ಹತ್ತಿದವ್ರು ಭಟ್ಟ್ಯಾಗ ನಿಲ್ಲಂಗಿಲ್ಲ. ಅದನ್ನ ಒಳಗ ಹೇಳಿದ್ರಿಲ್ಲ?"

ಪೂರ್ಣಿಮಾ ಪ್ರತಿಗಳಿದ್ದ ಖಾಲಿ ಚೀಲವನ್ನು ಮಡಚಿದಳು.

"ಸಾತವ್ವಗ ಬ್ಯಾಡ ಅಂತ ಹೇಳ್ರಿ," ಎಂದಳು.

"ಮುಂಜಾನಿನ ಹೋಗ್ಯಾಳ್ರಿ. ಇವತ್ತ ಮೊದಲನೇ ದಿನ." ಬಸವಣ್ಣೆವ್ವ ಬಾಕಿನ ಅಂಚು ಹಿಡಿದು ಎದ್ದಳು. "ನಾ ಹೇಳಿದ್ರ ಕೇಳಂಗಿಲ್ಲ. ಇನ್ನ ಮ್ಯಾಲ ಬುಕ್ಕಿನಾಗ ಬಂದೈತಿ ಅಂತಾಳ."

ಅವಳು ಗೇಟಿನ ತನಕ ಹೋಗಿ, ಕಂಬ ಹಿಡಿದು ನಿಂತು, ಉಸಿರು ತಿರುಗುವುದನ್ನು ಕಾದಳು. ಪೂರ್ಣಿಮಾ ಓಡಿಹೋಗಿ ಅವಳ ಕೈಚೀಲ ತೆಗೆದುಕೊಂಡಳು. ಬಸ್ ನಿಲ್ದಾಣದ ತನಕ ಇಬ್ಬರೂ ನಿಂತು ನಿಂತು ನಡೆದರು.